ನೆತ್ತಿಗೆ ಹತ್ತಿದ್ದು

ಊಟದ ನಡುವೆ ಯಾರಿಗಾದರೂ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ತಲೆ ತಟ್ಟಿ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನಗುತ್ತೇವೆ. ದೊಡ್ಡವರ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಅಷ್ಟರಲ್ಲಿ ಕೆಮ್ಮು ತನ್ನ ಕೆಲಸ ಮುಗಿಸಿರುತ್ತದೆ. ಆದರೆ ಈ ಮಾತು ದಿಕ್ಕನ್ನೇ ತಪ್ಪು ಹೇಳುತ್ತದೆ. ಅಗುಳು ಮೇಲಕ್ಕೆ ಹತ್ತಿರುವುದಿಲ್ಲ. ಕೆಳಗೆ, ಉಸಿರುನಾಳದ ಬಾಯಿಗೆ ಹೋಗಿರುತ್ತದೆ. ಎಳೆಮಗುವಿನ ವಿಷಯದಲ್ಲಿ ನಮ್ಮ ಕೈ ನೆತ್ತಿಗೆ ಹೋಗುತ್ತದೋ ಬೆನ್ನಿಗೆ ಹೋಗುತ್ತದೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಸಂಕ್ರಾಂತಿಯನ್ನೇ ನೋಡಿ. ಎಳ್ಳುಬೆಲ್ಲದ ಡಬ್ಬದಲ್ಲಿ ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು ಇರುತ್ತವೆ. ಸಂಜೆ ಮಗುವನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತಾರೆ. ಆರತಿ ಮುಗಿಯುವುದರೊಳಗೆ ಮಗು ಅವುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡಿರುತ್ತದೆ. ಹಬ್ಬ ಬಿಡಬೇಕೆಂದು ನಾನು ಹೇಳುವುದಿಲ್ಲ. ಎರೆದದ್ದನ್ನು ಕೂಡಲೇ ಆಯ್ದು ತೆಗೆಯಲು ಒಬ್ಬರು ಇರಬೇಕು ಅಷ್ಟೆ.

ಇವುಗಳಲ್ಲಿ ಕಡಲೆಕಾಯಿ ಬೀಜವೇ ಹೆಚ್ಚು ಕಿಲಾಡಿ. ಮಗುವಿಗೆ ಮೊದಲು ಬರುವುದು ಕಚ್ಚುವ ಮುಂಹಲ್ಲು. ಅರೆಯುವ ದವಡೆಹಲ್ಲುಗಳೆಲ್ಲ ಬರುವ ಹೊತ್ತಿಗೆ ಎರಡೂವರೆ ವರ್ಷ ದಾಟಬಹುದು. ಹಾಗಾಗಿ ಮಗು ಬೀಜವನ್ನು ಎರಡು ಹೋಳು ಮಾಡುತ್ತದೆಯೇ ಹೊರತು ನುಣ್ಣಗೆ ಮಾಡಲಾರದು. ಅದೇ ಹೊತ್ತಿಗೆ ನಕ್ಕರೆ, ಅತ್ತರೆ, ಓಡಿದರೆ, ಒಳಗೆಳೆದ ಉಸಿರಿನ ಜೊತೆ ಜಾರುವ ಹೋಳೂ ಹೋಗುತ್ತದೆ.

ಆಗ ಮೊದಲು ಗಮನಿಸಬೇಕಾದದ್ದು ಸದ್ದು. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಓಡಾಡುತ್ತಿದೆ ಎಂದರ್ಥ. ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ನೀರು ಕುಡಿಸಬೇಡಿ, ಬಾಳೆಹಣ್ಣು ನುಂಗಿಸಬೇಡಿ, ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬೇಡಿ. ಬೆರಳು ಅದನ್ನು ಇನ್ನೂ ಒಳಗೆ ತಳ್ಳುತ್ತದೆ. ಬಾಯಿ ತೆರೆದಿದ್ದರೂ ಸದ್ದು ಬರದೆ, ಕೆಮ್ಮು ಕ್ಷೀಣವಾಗಿ, ತುಟಿ ನೀಲಿಯಾಗುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ನೀವು ಮಗುವನ್ನು ಎತ್ತಿಕೊಳ್ಳಿ.

ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ಕೈಯನ್ನು ತೊಡೆಗೆ ಆನಿಸಿಕೊಳ್ಳಿ. ತಲೆ ಎದೆಗಿಂತ ತಗ್ಗಿನಲ್ಲಿರಲಿ. ದವಡೆಗೆ ಆಸರೆ ಕೊಡಿ, ಕತ್ತು ಒತ್ತಬಾರದು. ಅಂಗೈಯ ಬುಡದಿಂದ ಎರಡು ಹೆಗಲುಮೂಳೆಗಳ ನಡುವೆ 5 ಬಾರಿ ಗಟ್ಟಿಯಾಗಿ ಗುದ್ದಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಮೊಲೆತೊಟ್ಟುಗಳ ಸಾಲಿಗಿಂತ ತುಸು ಕೆಳಗೆ ಎದೆಮೂಳೆಯನ್ನು ಒಂದು ಅಂಗೈಯ ಬುಡದಿಂದ 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ, ಇಲ್ಲವೇ ಮಗು ಅಳುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ವರ್ಷ ದಾಟಿದ ಮಗುವಿಗೂ ಮುಂದಕ್ಕೆ ಬಾಗಿಸಿ ಬೆನ್ನಿನ ಗುದ್ದು ಮೊದಲು. ಆಮೇಲೆ ಹಿಂದಿನಿಂದ ಅಪ್ಪಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು 5 ಬಾರಿ ಒಳಕ್ಕೂ ಮೇಲಕ್ಕೂ ಎಳೆಯಬೇಕು. ಕೂಸಿನ ಹೊಟ್ಟೆಯನ್ನು ಹೀಗೆ ಒತ್ತುವಂತಿಲ್ಲ, ಯಕೃತ್ತಿಗೆ ಪೆಟ್ಟಾಗುತ್ತದೆ. ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್ ಶುರುಮಾಡಿ: ಎದೆಯನ್ನು 30 ಬಾರಿ ಒತ್ತಿ, ಬಾಯಿಯೊಳಗೆ ನೋಡಿ, ಕಣ್ಣಿಗೆ ಕಂಡದ್ದನ್ನು ಮಾತ್ರ ತೆಗೆದು, 2 ಬಾರಿ ಉಸಿರು ಕೊಡಿ. ಸಹಾಯ ಬರುವವರೆಗೆ ಇದನ್ನೇ ಮುಂದುವರಿಸಿ.

ಇಷ್ಟನ್ನು ಕಲಿಯಬಹುದು. ಮೋಸ ಮಾಡುವುದು ಕೆಮ್ಮು ನಿಂತ ಮೇಲಿನ ನೆಮ್ಮದಿ. ನನ್ನ ಅಕ್ಕನ ಮಗನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಪಕ್ಕದ ಮನೆಯವರು ಬೀರಿದ ಎಳ್ಳಿನಿಂದ ಒಂದು ಬೀಜ ಬಾಯಿಗೆ ಹೋಯಿತು. ಮುಖ ಕೆಂಪಾಗುವಷ್ಟು ಕೆಮ್ಮಿದ, ಐದು ನಿಮಿಷದಲ್ಲಿ ಸುಮ್ಮನಾಗಿ ಆಟಕ್ಕೆ ಹೋದ. “ನುಂಗಿದ ಬಿಡಮ್ಮ, ಹೊಟ್ಟೆಗೆ ಇಳೀತು” ಎಂದರು ಅಕ್ಕನ ಅತ್ತೆ. ಎಲ್ಲರಿಗೂ ಹಾಗೆಯೇ ಅನಿಸಿತು. ಮೂರನೆಯ ದಿನ ಕೆಮ್ಮು, ಗೊರಗೊರ, ಸಣ್ಣ ಜ್ವರ. ಶೀತವೆಂದು ಸಿರಪ್ ಕೊಟ್ಟಾಯಿತು. ಒಂದು ವಾರವಾದರೂ ಇಳಿಯಲಿಲ್ಲ. ಎರಡನೆಯ ವೈದ್ಯರು ಸ್ಟೆತಾಸ್ಕೋಪನ್ನು ಎಡಗಡೆ ಇಟ್ಟರು, ಬಲಗಡೆ ಇಟ್ಟರು, ಮತ್ತೆ ಎಡಗಡೆ ಇಟ್ಟರು. ಬಲಗಡೆ ಗಾಳಿಯ ಸದ್ದು ಕಡಿಮೆಯಿತ್ತು. “ಇತ್ತೀಚೆಗೆ ಕಡಲೆಕಾಯಿ ಏನಾದರೂ ತಿಂದಿದ್ದನಾ?” ಎಂದು ಕೇಳಿದರು.

ಎಕ್ಸ್‌ರೇಯಲ್ಲಿ ಕಾಸು ಕಾಣುತ್ತದೆ, ಬೀಜ ಕಾಣುವುದಿಲ್ಲ. ಅವರು ನೋಡಿದ್ದು ಬಲ ಶ್ವಾಸಕೋಶ ಉಬ್ಬಿಕೊಂಡಿದ್ದನ್ನು: ಒಳಗೆ ಹೋದ ಗಾಳಿ ಹೊರಬರಲಾಗದೆ ನಿಂತಿತ್ತು. ಎಕ್ಸ್‌ರೇ ಏನೂ ತೋರಿಸದಿದ್ದರೂ ಆ ಐದು ನಿಮಿಷದ ಕೆಮ್ಮಿನ ಕಥೆಯೊಂದೇ ಸಾಕಾಗುತ್ತಿತ್ತು ಎಂದರು. ಅರಿವಳಿಕೆ ಕೊಟ್ಟು, ಬ್ರಾಂಕೋಸ್ಕೋಪ್ ಎಂಬ ಕೊಳವೆಯನ್ನು ಬಾಯಿಯಿಂದ ಇಳಿಸಿ ತೆಗೆದದ್ದು ಬೀಜದ ಒಂದೇ ಹೋಳು. ಒಳಗಿನ ತೇವಕ್ಕೆ ಅದು ಊದಿಕೊಂಡಿತ್ತು. ಅದರ ಎಣ್ಣೆಯಂಶ ತಗುಲಿ ಸುತ್ತಲಿನ ಒಳಪೊರೆ ಕೆಂಪಗೆ ಬಾತಿತ್ತು. ಇನ್ನೂ ಕೆಲವು ದಿನ ತಡವಾಗಿದ್ದರೆ ಹಿಡಿದ ಕೂಡಲೇ ಪುಡಿಯಾಗಿ ಇನ್ನಷ್ಟು ಕೆಳಗೆ ಚದುರುತ್ತಿತ್ತಂತೆ.

ಮೂರನೆಯ ದಿನ ಮಗು ಮನೆಗೆ ಬಂದ. ಅಕ್ಕ ಆ ಹೋಳನ್ನು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಿದ್ದಳು. ಅವಳ ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.