ಅಜ್ಜಿಯ ಅರಿಶಿಣ ಮತ್ತು ದೇವದುರ್ಗದ ಹಳದಿ ಬಲ್ಬು

"ಯಾಕಪ್ಪ, ಅವ್ವನ ಗಲ್ಲದ ಮ್ಯಾಲಿನ ಅರಿಶಿಣ ಎಲ್ಲಿ ಹೋತು? ಈಕಿ ನಮ್ಮವ್ವ ಅಲ್ಲೇ ಅಲ್ಲ ನೋಡು..."

ಮಾನ್ವಿ ಅತ್ತಿ ನನ್ನ ಲ್ಯಾಪ್‌ಟಾಪ್ ನೋಡಿ ಹೀಗಂದಾಗ ನಿಜ ಹೇಳ್ಬೇಕಂದ್ರೆ ನಂಗೆ ಸಿಟ್ಟೇ ಬಂದಿತ್ತು. ಎರಡು ರಾತ್ರಿ ನಿದ್ದೆಗೆಟ್ಟು ಫೋಟೋದ ಹಳದಿ ತೆಗೆದಿದ್ದೆ. ಶಭಾಷ್ ಅಂತಾರೆ ಅಂದ್ಕೊಂಡಿದ್ದೆ. ಆಮೇಲೆ ಇನ್ನೊಂದು ಸಲ ನೋಡಿದೆ. ಅತ್ತಿ ಹೇಳಿದ್ದೇ ಸರಿ ಇತ್ತು.

ವಿಷಯ ಇಷ್ಟು. 2023ರಲ್ಲಿ ದೇವದುರ್ಗದ ಮನೇಲಿ ಅಕ್ಕನ ಮಗುವಿನ ತೊಟ್ಟಿಲು ಕಾರ್ಯ. ಪಡಸಾಲೆಯಲ್ಲಿ ತಾತ, ಅಜ್ಜಿ ಪಕ್ಕಪಕ್ಕ ಕೂತಿದ್ದಾರೆ, ಅಜ್ಜಿ ತೊಡೆ ಮೇಲೆ ಮಗು. ಅಜ್ಜಿ ಏನಕ್ಕೋ ಬಾಯ್ತುಂಬ ನಗ್ತಿದ್ದಾರೆ. ಮರುವರ್ಷ ಅಜ್ಜಿ ತೀರಿಕೊಂಡರು. ವರ್ಷದ ಕಾರ್ಯಕ್ಕೆ ಫೋಟೋ ಹಾಕಿಸಬೇಕು ಅಂತ ಹುಡುಕಿದ್ರೆ, ಅವರು ನಗುತ್ತಿರೋ ಫೋಟೋ ಅಂತ ಇದ್ದದ್ದು ಇದೊಂದೇ. ಬಾಕಿ ಎಲ್ಲದರಲ್ಲೂ ಆಧಾರ್ ಕಾರ್ಡಿಗೆ ಕೂತ ಹಾಗೆ ಕೂತಿದ್ದಾರೆ :) ಆದರೆ ಈ ಫೋಟೋನೋ, ಇಡೀ ಪಡಸಾಲೆಯನ್ನ ಅರಿಶಿಣದ ನೀರಲ್ಲಿ ಅದ್ದಿ ತೆಗೆದ ಹಾಗೆ ಹಳದಿ.

ಪಡಸಾಲೆಗೆ ಇರೋದು ಒಂದೇ ದೀಪ, ಹಳೇ ಕಾಲದ ತಂತಿ ಬಲ್ಬು. ಸರಿಯಾದ ವೋಲ್ಟೇಜಿನಲ್ಲಿ ಅದರ ಬೆಳಕು ಸುಮಾರು 2700 ಕೆಲ್ವಿನ್. ಮಧ್ಯಾಹ್ನದ ಬಿಸಿಲು 5500ರ ಆಸುಪಾಸು. ಕೆಲ್ವಿನ್ ಕಡಿಮೆ ಆದಷ್ಟೂ ಬೆಳಕು ಹಳದಿ-ಕೆಂಪಿನ ಕಡೆ ವಾಲುತ್ತೆ. ನಮ್ಮ ಊರಿನ ವೋಲ್ಟೇಜು ನಿಮಗೆ ಗೊತ್ತಿಲ್ಲ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಇರೋದು ನಮ್ಮ ಜಿಲ್ಲೇಲೇ, ಆದ್ರೆ ಸಂಜೆ ಹೊತ್ತು ನಮ್ಮ ಮನೆ ಫ್ಯಾನು ಸುತ್ತೋದನ್ನ ನೋಡಬೇಕು. 230 ಇರಬೇಕಾದ ವೋಲ್ಟೇಜು 180ಕ್ಕೆ ಇಳಿದರೆ ಬಲ್ಬಿನ ತಂತಿ ಅಷ್ಟು ಕಾಯೋದಿಲ್ಲ, ಬೆಳಕು 2500 ಕೆಲ್ವಿನ್ ಹತ್ತಿರ ಬರುತ್ತೆ. ಹಲವು ಕ್ಯಾಮೆರಾಗಳ ಆಟೋ ವೈಟ್ ಬ್ಯಾಲೆನ್ಸು ಅಷ್ಟು ಕೆಳಗಿನ ಬೆಳಕನ್ನ ಪೂರ್ತಿ ಸರಿಮಾಡಲ್ಲ. ಬಲ್ಬಿನ ಚಿತ್ರ ಇರೋ ಸೆಟ್ಟಿಂಗ್ ಇಟ್ಟರೂ ಅದು ಲೆಕ್ಕ ಹಾಕೋದು ಪೂರ್ತಿ ವೋಲ್ಟೇಜಿನ ಬಲ್ಬಿಗೆ. ನಾನು ಆಟೋದಲ್ಲೇ ಬಿಟ್ಟಿದ್ದೆ. ಕಾರ್ಡಲ್ಲಿ ಜಾಗ ಉಳಿಸೋಕೆ ರಾ ಫೈಲ್ ಬೇಡ, ಜೆಪೆಗ್ ಸಾಕು ಅಂತ ಬೇರೆ ಇಟ್ಟಿದ್ದೆ. ಬುದ್ಧಿವಂತ!

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ. ಗಿಂಪ್‌ನಲ್ಲಿ ಫೋಟೋ ತೆರೆದು, ಲೆವೆಲ್ಸ್‌ನಲ್ಲಿ ಬೂದು ಬಣ್ಣ ಆರಿಸೋ ಡ್ರಾಪರ್ ತಗೊಂಡು ತಾತನ ಬಿಳಿ ಪಂಚೆ ಮೇಲೆ ಒಂದು ಕ್ಲಿಕ್. ಡ್ರಾಪರ್ ಮಾಡೋದು ಸರಳ ಕೆಲಸ. ನೀವು ತೋರಿಸಿದ ಜಾಗಕ್ಕೆ ಬಣ್ಣವೇ ಇಲ್ಲ ಅಂತ ನಂಬಿ, ಅಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮ ಆಗೋ ಹಾಗೆ ಇಡೀ ಚಿತ್ರವನ್ನ ತಿದ್ದುತ್ತೆ. ಆದರೂ ಫೋಟೋ ಹಳದಿಯಾಗೇ ಉಳೀತು. ಯಾಕೆ ಅಂತ ಹೊಳೆಯೋಕೆ ಅರ್ಧ ಗಂಟೆ ಬೇಕಾಯ್ತು... ಅಜ್ಜಿ ತಾತನ ಪಂಚೆಗೆ ಯಾವತ್ತೂ ಎರಡು ಹನಿ ನೀಲಿ ಜಾಸ್ತಿನೇ ಹಾಕ್ತಿದ್ರು! ನಮ್ಮ ಕಣ್ಣಿಗೆ ಅದು ಬೆಳ್ಳಂಬಿಳಿ, ನಿಜವಾಗಿ ಅದು ತಿಳಿ ನೀಲಿ. ಆ ನೀಲಿಯನ್ನೇ ಬಿಳಿ ಅಂತ ಸಾಫ್ಟ್‌ವೇರ್‌ಗೆ ಹೇಳಿದ್ರೆ ಅದು ಚಿತ್ರಕ್ಕೆ ಬೇಕಾದಷ್ಟು ನೀಲಿ ಸೇರಿಸೋದೇ ಇಲ್ಲ. ಬಿಳಿ ಬಟ್ಟೆ ನಂಬಬೇಡಿ, ಅದರಲ್ಲೂ ಹಬ್ಬಕ್ಕೆ ಅಂತ ಒಗೆದ ಬಟ್ಟೆಯನ್ನ. ನೀಲಿ ಬೆರೆಸಿ ಸುಣ್ಣ ಬಳಿದ ಗೋಡೆಯದೂ ಇದೇ ಕಥೆ.

ತಾತನ ಹಣೆಯ ವಿಭೂತಿ ನೆನಪಾಯ್ತು. ಅದು ಬೂದಿಯೇ ಅಲ್ವಾ, ಹೆಚ್ಚುಕಡಿಮೆ ಬೂದು ಬಣ್ಣ. ಆದರೆ ಹಣೆ ಮೇಲೆ ತೆಳ್ಳಗೆ ಬಳಿದದ್ದು, ಅದರಡಿ ಚರ್ಮ ಕಾಣುತ್ತೆ. ಹಾಗಾಗಿ ಅದನ್ನ ಅಳತೆಗೆ ಇಟ್ಟುಕೊಳ್ಳಲಿಲ್ಲ, ಕೊನೇಲಿ ತಾಳೆ ನೋಡೋಕೆ ಅಂತ ಎತ್ತಿಟ್ಟೆ.

ಆಗ ಹಿಡಿದದ್ದು ಚರ್ಮದ ಬಣ್ಣದ ದಾರಿ. ಎಷ್ಟೇ ಕಪ್ಪಿರಲಿ ಬಿಳುಪಿರಲಿ, ಮನುಷ್ಯರ ಚರ್ಮದ ಬಣ್ಣ ಕಿತ್ತಳೆಯ ಒಂದು ಕಿರಿದಾದ ಹಾದಿಯಲ್ಲೇ ಇರುತ್ತೆ. ಬಣ್ಣ ಕೊಡೋದು ಎಲ್ಲರಲ್ಲೂ ಅದೇ ಮೆಲನಿನ್, ಅದೇ ರಕ್ತ. ಕೆಂಪು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಹಸಿರು, ಕೊನೆಗೆ ನೀಲಿ. ವಿಡಿಯೋ ಎಡಿಟಿಂಗ್ ಮಾಡೋರ ವೆಕ್ಟರ್‌ಸ್ಕೋಪಿನಲ್ಲಿ ಇದಕ್ಕೆ ಅಂತಲೇ ಒಂದು ಗೆರೆ ಇರುತ್ತೆ. ಸರಿ, ಅಜ್ಜಿಯ ಕೆನ್ನೆ ಆರಿಸಿ, ಅದರ ನೀಲಿಯನ್ನ ಹಸಿರಿನ ಮುಕ್ಕಾಲು ಪಾಲಿಗೆ ಬರೋ ತನಕ ಏರಿಸಿದೆ. ಕೆನ್ನೆ ಚೆಂದ ಆಯ್ತು. ಹಳದಿ ಮಾಯ. ಅತ್ತಿಗೆ ತೋರಿಸಿದ್ದು ಇದನ್ನೇ.

ತಪ್ಪು ಎಲ್ಲಿ ಅಂತ ಫೋಟೋದಲ್ಲೇ ಬರೆದಿತ್ತು, ನಾನೇ ನೋಡಿರಲಿಲ್ಲ. ಅಜ್ಜಿಯ ಬೆಳ್ಳಿಕೂದಲು ತಿಳಿ ನೇರಳೆ ಆಗಿತ್ತು. ಕಣ್ಣಿನ ಬಿಳಿಭಾಗ ನೀಲಿ. ಕೆನ್ನೆ ಸರಿಯಿದ್ದು ಕೂದಲು ನೀಲಿ ಆಗಿದೆ ಅಂದ್ರೆ ಅಳತೆಗೆ ಹಿಡಿದ ಕೆನ್ನೆಯೇ ಸುಳ್ಳು ಹೇಳ್ತಿದೆ ಅಂತರ್ಥ. ಅಜ್ಜಿ ದಿನಾ ಸ್ನಾನ ಆದಮೇಲೆ ಮುಖಕ್ಕೆ ಅರಿಶಿಣ ಹಚ್ಚಿಕೊಳ್ಳೋರು. ಆ ಹಳದಿ ಬಲ್ಬಿನದಲ್ಲ, ಅವರದ್ದು. ಮುತ್ತೈದೆಯಾಗೇ ಹೋದ್ರು ಅಂತ ಮನೆಯವರೆಲ್ಲ ಇವತ್ತಿಗೂ ಹೇಳ್ಕೊಳ್ಳೋ ಹೆಂಗಸಿನ ಮುಖದ ಅರಿಶಿಣವನ್ನ ನಾನು ಮೌಸ್ ಹಿಡಿದು ಒರೆಸಿ ಹಾಕಿದ್ದೆ. ಅತ್ತಿಗೆ ಹೊಟ್ಟೆ ಉರೀದೆ ಏನಾಗ್ಬೇಕು?

ಹಾಗಾದ್ರೆ ಬಲ್ಬಿನ ಹಳದಿ ಎಷ್ಟು, ಅರಿಶಿಣದ ಹಳದಿ ಎಷ್ಟು ಅಂತ ಬೇರೆ ಮಾಡೋದು ಹೇಗೆ? ಅರಿಶಿಣ ಇಲ್ಲದ ಅವರದೇ ಚರ್ಮ ಬೇಕು. ಮುಂಗೈ! ಮುಂಗೈಗೆ ಅವರು ಅರಿಶಿಣ ಹಚ್ತಿರಲಿಲ್ಲ. ಅದರ ನಿಜವಾದ ಬಣ್ಣ ಏನಿತ್ತು ಅಂತ ಹೇಳೋಕೆ ಬಿಸಿಲಲ್ಲಿ ತೆಗೆದ ಒಂದು ಫೋಟೋ ಬೇಕು. ಅದೂ ಸಿಕ್ತು. ಅದೇ ಬೇಸಿಗೇಲಿ ಅಜ್ಜಿ ಮಾನ್ವಿಗೆ ಹೋಗಿದ್ದಾಗ ಮಾಳಿಗೆ ಮೇಲೆ ಹಪ್ಪಳ ಹಾಕ್ತಿರೋದನ್ನ ಅದೇ ಕ್ಯಾಮೆರಾದಲ್ಲಿ ತೆಗೆದಿದ್ದೆ. ಬೆಳಗಿನ ಹತ್ತರ ಬಿಸಿಲು, ಸೂರ್ಯನ ಚಿತ್ರದ ಸೆಟ್ಟಿಂಗು. ಮರದ ನೆರಳಲ್ಲಿ ತೆಗೆದಿದ್ರೆ ಎಲೆಗಳ ಹಸಿರು ಸೇರಿರ್ತಿತ್ತು, ಮುಸ್ಸಂಜೆ ಆಗಿದ್ರೆ ಮತ್ತೆ ಹಳದಿ.

ಎರಡೂ ಫೋಟೋದಲ್ಲಿ ಮುಂಗೈಯ ಒಳಭಾಗ, ಬಳೆಗಳ ಹಸಿರು ಬೀಳದ ಜಾಗ, ಸುಮಾರು ಒಂದೇ ಹೊಳಪಿನದು ಆರಿಸಿಕೊಂಡೆ. ಕಲರ್ ಪಿಕ್ಕರ್‌ನಲ್ಲಿ `Sample average` ಹಾಕ್ಕೊಳ್ಳಿ, ಇಲ್ಲದಿದ್ರೆ ಒಂದು ಚುಕ್ಕಿಯ ಬಣ್ಣ ಇನ್ನೊಂದರದಲ್ಲ.

ಮಾನ್ವಿ ಬಿಸಿಲಲ್ಲಿ ಮುಂಗೈ: ಕೆಂಪು 168, ಹಸಿರು 122, ನೀಲಿ 94. ದೇವದುರ್ಗದ ಬಲ್ಬಿನಡಿ: 190, 117, 61. ಹೊಳಪು ಬೇರೆ ಬೇರೆ ಆದ್ದರಿಂದ ಅಂಕಿಗಳನ್ನ ನೇರ ಹೋಲಿಸೋ ಹಾಗಿಲ್ಲ, ಹಸಿರಿನಿಂದ ಭಾಗಿಸಬೇಕು. ಬಿಸಿಲಲ್ಲಿ ಕೆಂಪು ಹಸಿರಿನ 1.38 ಪಟ್ಟು, ನೀಲಿ 0.77 ಪಟ್ಟು. ಬಲ್ಬಿನಡಿ ಕೆಂಪು 1.62, ನೀಲಿ 0.52. ಅಂದ್ರೆ ಕೆಂಪನ್ನ 0.85ರಿಂದ, ನೀಲಿಯನ್ನ 1.48ರಿಂದ ಗುಣಿಸಿದ್ರೆ ಅಜ್ಜಿಯ ಕೈ ಮಾನ್ವಿಯ ಬಿಸಿಲಿಗೆ ಬಂತು. ಕೆನ್ನೆಯನ್ನ ಮುಟ್ಟಲೇ ಇಲ್ಲ, ಅದು ಬೆಳಕಿನ ಜೊತೆ ತಾನಾಗೇ ಬದಲಾಗುತ್ತೆ.

ಒಂದು ಎಡವಟ್ಟು ಇಲ್ಲೂ ಆಯ್ತು. ಅಜ್ಜಿಯ ಹಣೆ ಬಲ್ಬಿನ ಕೆಳಗೇ ಇತ್ತು, ಅಲ್ಲಿ ಕೆಂಪು ಆಗಲೇ 255ಕ್ಕೆ ಮುಟ್ಟಿ ನಿಂತುಬಿಟ್ಟಿತ್ತು. ಅದನ್ನ 0.85ರಿಂದ ಇಳಿಸಿದ್ರೆ 217. ಹಸಿರು ಅದಕ್ಕಿಂತ ಮೇಲೆ ಉಳಿದು ಹಣೆ ಮೇಲೆ ಪಾಚಿ ಕಟ್ಟಿದ ಹಾಗೆ ಒಂದು ಹಸಿರು ಮಚ್ಚೆ! ಹಾಗಾಗಿ ಕೆಂಪನ್ನ ಇಳಿಸೋ ಬದಲು ಬಾಕಿ ಎರಡನ್ನೂ ಏರಿಸಿದೆ. ಎರಡನ್ನೂ 0.85ರಿಂದ ಭಾಗಿಸಿದ್ರೆ ಹಸಿರಿಗೆ 1.18, ನೀಲಿಗೆ 1.74. ಅನುಪಾತ ಅದೇ, ಹಣೆಯ ಹೊಳಪು ಮಾತ್ರ ಬೆಳ್ಳಗೆ ಉಳೀತು. ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಸಾಲು:

```
magick devadurga.jpg -channel G -evaluate multiply 1.18 -channel B -evaluate multiply 1.74 +channel devadurga2.png
```

ಮುಂಗೈ ಈಗ 190, 138, 106. ತಾತನ ವಿಭೂತಿಯ ದಪ್ಪ ಎಳೆ ನೋಡಿದೆ, ಮೂರೂ ಅಂಕಿ ಹತ್ತಿರ ಹತ್ತಿರ ಬಂದಿದ್ವು. ಅಜ್ಜಿಯ ಕೂದಲು ಬೆಳ್ಳಿ. ಪಂಚೆ ತಿಳಿ ನೀಲಿ, ಅದು ಇರಬೇಕಾದ ಹಾಗೇ! ಕೆನ್ನೆಯಲ್ಲಿ ಮಾತ್ರ ನೀಲಿ ಹಸಿರಿನ ಅರ್ಧಕ್ಕಿಂತ ತುಸು ಮೇಲೆ, ಮುಂಗೈಗಿಂತ ಎಷ್ಟೋ ಕಡಿಮೆ. ಆ ವ್ಯತ್ಯಾಸವೇ ಅರಿಶಿಣ.

ಎಲ್ಲ ಸರಿಹೋಯ್ತು ಅಂತಲ್ಲ. ಬಲ್ಬಿನ ಬೆಳಕಲ್ಲಿ ನೀಲಿ ತುಂಬಾ ಕಡಿಮೆ, ಅಷ್ಟರಲ್ಲೇ ಎಳೆದು 1.74 ಪಟ್ಟು ಮಾಡಿದ್ರೆ ನೆರಳಿರೋ ಕಡೆ ನೀಲಿ ಮರಳು ಚೆಲ್ಲಿದ ಹಾಗೆ ಕಾಳುಕಾಳು. ಸೆರಗಿನ ಮಡಿಕೆಗಳಲ್ಲಿ ಅದು ಈಗಲೂ ಇದೆ. ರಾ ಫೈಲ್ ಇದ್ದಿದ್ರೆ ಇದೂ ಕಡಿಮೆ ಇರ್ತಿತ್ತು, ಹಣೆಯೂ ಉಳೀತಿತ್ತೋ ಏನೋ. ಮಗುವಿನ ಕಾಲ ಹತ್ತಿರ ಬಾಗಿಲಿನಿಂದ ಹಗಲಿನ ಬೆಳಕು ಬೀಳ್ತಿತ್ತು, ಬಲ್ಬಿಗೆ ಅಂತ ಮಾಡಿದ ತಿದ್ದುಪಡಿಯಿಂದ ಆ ಜಾಗ ನೀಲಿ ಆಯ್ತು. ಎರಡು ಬೆಳಕಿಗೆ ಒಂದೇ ಗುಣಾಕಾರ ಸಾಲದು. ಅಲ್ಲಿ ಮಾತ್ರ ಹಳೇ ಫೋಟೋದ ಪದರವನ್ನ ಮೇಲಿಟ್ಟು, ಮಾಸ್ಕ್ ಹಾಕಿ ಕುಂಚದಿಂದ ಮೆತ್ತಗೆ ಬಿಡಿಸಿದೆ.

ರಾಯಚೂರಲ್ಲಿ ಪ್ರಿಂಟ್ ಹಾಕ್ಸೋಕೆ ಹೋದಾಗ ಸ್ಟುಡಿಯೋ ಹುಡುಗ "ಸರ್, ಸ್ವಲ್ಪ ಬೆಳ್ಳಗ ಮಾಡ್ಲ್ಯಾ?" ಅಂದ. ಅಭ್ಯಾಸಬಲ, ಪಾಪ. ಹಳದಿ ತೆಗೆಯೋದೇ ಬೇರೆ, ಅಜ್ಜಿಯನ್ನ ಬೆಳ್ಳಗೆ ಮಾಡೋದೇ ಬೇರೆ. ಏನೂ ಮುಟ್ಟಬೇಡಪ್ಪ, ನಿನ್ನ ಮಷಿನ್ನಿನ ಆಟೋ ಕರೆಕ್ಷನ್ನೂ ಆರಿಸಿಬಿಡು ಅಂದೆ. ಮೊದಲು ಚಿಕ್ಕ ಸೈಜಿನದೊಂದು ಹಾಕಿಸಿ, ಅಂಗಡಿ ಹೊರಗೆ ಬಿಸಿಲಲ್ಲಿ ಹಿಡಿದು ನೋಡಿ, ಆಮೇಲೆ ದೊಡ್ಡದು.

ಅತ್ತಿ ಅದನ್ನ ಕೈಗೆ ತಗೊಂಡು ಏನೂ ಮಾತಾಡಲಿಲ್ಲ. ಸೆರಗಿನಿಂದ ಗಾಜು ಒರೆಸಿದ್ರು, ಇನ್ನೊಮ್ಮೆ ಒರೆಸಿದ್ರು. ಆಮೇಲೆ "ಬೆಳಿಗ್ಗೆ ಹಚ್ಚಿದ್ದು ಸಂಜಿತನಕಾ ಇರ್ತಿತ್ತು ನಮ್ಮವ್ವಂದು" ಅಂದ್ರು.

ಫ್ರೇಮು ಈಗ ದೇವದುರ್ಗದ ಪಡಸಾಲೆಯ ಗೋಡೆ ಮೇಲಿದೆ, ಅದೇ ತಂತಿ ಬಲ್ಬಿನ ಕೆಳಗೆ. ಸಂಜೆ ದೀಪ ಹಾಕಿದ್ರೆ ಮತ್ತೆ ಎಲ್ಲ ಹಳದಿ! ಬಲ್ಬು ಬದಲಾಯಿಸ್ಲಾ ಅಂತ ತಾತನ್ನ ಕೇಳಿದೆ. "ಇರ್ಲಿ ಬಿಡೋ, ಚಂದ ಕಾಣ್ತಾಳ" ಅಂದ್ರು.