ಹೆಸರಿನ ಕೊನೆಯ ಅಕ್ಷರ

ಹತ್ತೊಂಬತ್ತನೆಯ ಶತಮಾನದ ವಿಜ್ಞಾನ ಗ್ರಂಥಗಳ ಸೂಚಿಯಲ್ಲಿ ಕೊವಲೆವ್ಸ್ಕಿ ಎಂಬ ಅಡ್ಡಹೆಸರನ್ನು ಹುಡುಕಹೊರಟವರಿಗೆ ನಾಲ್ವರು ವಿದ್ವಾಂಸರು ಒಟ್ಟಿಗೇ ಎದುರಾಗುತ್ತಾರೆ. ಭ್ರೂಣಶಾಸ್ತ್ರಜ್ಞ ಅಲೆಕ್ಸಾಂಡರ್ ಒಬ್ಬ. ಪಳೆಯುಳಿಕೆಗಳನ್ನು ಅಭ್ಯಸಿಸಿದ ಅವನ ತಮ್ಮ ವ್ಲಾದಿಮಿರ್ ಇನ್ನೊಬ್ಬ. ಸಮಾಜಶಾಸ್ತ್ರಜ್ಞ ಮಕ್ಸಿಮ್ ಮೂರನೆಯವನು. ನಾಲ್ಕನೆಯ ವ್ಯಕ್ತಿ ವ್ಲಾದಿಮಿರನ ಹೆಂಡತಿ, ಗಣಿತಜ್ಞೆ ಸೋಫಿಯಾ. ರಷ್ಯನ್ ಭಾಷೆಯಲ್ಲಿ ಆಕೆಯನ್ನು ಉಳಿದ ಮೂವರಿಂದ ಬೇರೆಯಾಗಿ ಗುರುತಿಸಲು ಕಷ್ಟವೇ ಇಲ್ಲ. ಗಂಡಸರು ಕೊವಲೆವ್ಸ್ಕಿ, ಆಕೆ ಕೊವಲೆವ್ಸ್ಕಯಾ. ಪಶ್ಚಿಮದ ಭಾಷೆಗಳಿಗೆ ಹೆಸರು ದಾಟುವಾಗ ಆ ಕೊನೆಯ ಪ್ರತ್ಯಯ ಕಳಚಿಬಿದ್ದುದರಿಂದ ಈ ತೊಡಕು ಹುಟ್ಟಿತು.

ರಷ್ಯನ್ನರ ಬಹುಪಾಲು ಅಡ್ಡಹೆಸರುಗಳು ಮೂಲತಃ ವಿಶೇಷಣಗಳು. 'ಸ್ಕಿ' ಎಂದು ಮುಗಿಯುವವು ನೇರವಾಗಿಯೇ ಗುಣವಾಚಕಗಳು. 'ಓವ್', 'ಇನ್' ಎಂದು ಮುಗಿಯುವವು 'ಇಂಥವನದು' ಎಂಬ ಸಂಬಂಧವನ್ನು ಹೇಳುವಂಥವು. ಪೆಟ್ರೋವ್ ಎಂದರೆ ಪ್ಯೋತ್ರನಿಗೆ ಸೇರಿದವನು. ಪೆಟ್ರೋವಾ ಎಂದರೆ ಸೇರಿದವಳು. ಕನ್ನಡದಲ್ಲಿ 'ಒಳ್ಳೆಯ ಹುಡುಗ', 'ಒಳ್ಳೆಯ ಹುಡುಗಿ' ಎನ್ನುವಾಗ ವಿಶೇಷಣ ಬದಲಾಗುವುದಿಲ್ಲ. ಆದರೆ ಮರಾಠಿಯಲ್ಲಿ 'ಚಾಂಗಲಾ ಮುಲಗಾ', 'ಚಾಂಗಲೀ ಮುಲಗೀ' ಎನ್ನಲೇಬೇಕು. ಸೊಲ್ಲಾಪುರದ ಕಡೆಯ ಕನ್ನಡ ವಿದ್ಯಾರ್ಥಿಗೆ ರಷ್ಯನ್ ಅಡ್ಡಹೆಸರು ಅರ್ಥವಾಗಲು ಈ ಮರಾಠಿ ಪಾಠವೇ ಸಾಕು. ಅಣ್ಣನೂ ಪಾಟೀಲ, ತಂಗಿಯೂ ಪಾಟೀಲ ಎಂಬುದು ನಮ್ಮ ರೂಢಿ. ಅಲ್ಲಿ ಅಣ್ಣ ಪೆಟ್ರೋವ್, ತಂಗಿ ಪೆಟ್ರೋವಾ. ಎಲ್ಲ ಹೆಸರುಗಳೂ ಹೀಗೆ ಬದಲಾಗುವುದಿಲ್ಲ. 'ಎಂಕೊ' ಎಂದು ಮುಗಿಯುವ ಹೆಸರು ಗಂಡಿಗೂ ಹೆಣ್ಣಿಗೂ ಒಂದೇ. ಕವಯಿತ್ರಿ ಅನ್ನಾ ಅಖ್ಮತೋವಾ ಹುಟ್ಟಿನಿಂದ ಗೊರೆಂಕೊ. ಆಕೆಯ ತಂದೆಯೂ ಗೊರೆಂಕೊನೇ. ಕೊನೆಗೆ ಸ್ವರವಿದೆಯೆಂದೋ ವ್ಯಂಜನವಿದೆಯೆಂದೋ ಲೆಕ್ಕ ಹಾಕಿ ಲಿಂಗವನ್ನು ಊಹಿಸುವುದು ಆದ್ದರಿಂದ ಅಪಾಯಕರ.

ಸೋಫಿಯಾಳ ಲೇಖನಗಳತ್ತ ಮರಳಿ ನೋಡಬಹುದು. 1850ರಲ್ಲಿ ಹುಟ್ಟಿದ ಆಕೆ ತವರಿನಲ್ಲಿ ಕೊರ್ವಿನ್-ಕ್ರುಕೋವ್ಸ್ಕಯಾ. ಮದುವೆಯ ಬಳಿಕ ಕೊವಲೆವ್ಸ್ಕಯಾ. ಆಂಶಿಕ ಅವಕಲ ಸಮೀಕರಣಗಳ ಕುರಿತ ಆಕೆಯ ಪ್ರಬಂಧ 1875ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಲೇಖಕಿಯ ಹೆಸರು Sophie von Kowalevsky ಎಂದಿತ್ತು. ಘನವಸ್ತುವಿನ ಭ್ರಮಣದ ಕುರಿತ ಫ್ರೆಂಚ್ ಪ್ರಬಂಧ 1889ರಲ್ಲಿ 'ಆಕ್ಟಾ ಮ್ಯಾಥಮ್ಯಾಟಿಕಾ'ದಲ್ಲಿ ಬಂದಾಗ Sophie Kowalevski ಎಂದಾಯಿತು. ಇಂದಿನ ಇಂಗ್ಲಿಷ್ ಬರಹಗಳಲ್ಲಿ ಆಕೆ Sofia Kovalevskaya. ಒಬ್ಬಳೇ ಗಣಿತಜ್ಞೆ, ಮೂರು ಹೆಸರು. ಇದನ್ನರಿಯದ ದತ್ತಾಂಶಕೋಶ ಆಕೆಯ ಬರಹಗಳನ್ನು ಮೂವರಿಗೆ ಹಂಚಿಬಿಡುತ್ತದೆ, ಇಲ್ಲವೇ 'S. Kowalevsky' ಎಂಬ ಮೊಟಕು ರೂಪವನ್ನು ಆಕೆಯ ಗಂಡನ ಅಥವಾ ಭಾವನ ಮನೆಗೆ ಸೇರಿಸಿಬಿಡುತ್ತದೆ.

ಪರಿಹಾರ ಗ್ರಂಥಪಾಲಕರಿಗೆ ಬಹುಕಾಲದಿಂದ ಗೊತ್ತಿರುವುದೇ. ವ್ಯಕ್ತಿಗೆ ಒಂದು ಅಧಿಕೃತ ಶೀರ್ಷಿಕೆ ಇರಬೇಕು, ಅದರ ಪಕ್ಕದಲ್ಲಿ ಹುಟ್ಟಿದ ಮತ್ತು ತೀರಿಹೋದ ವರ್ಷಗಳಿರಬೇಕು: Kovalevskaya, Sofia, 1850–1891. ಉಳಿದ ರೂಪಗಳನ್ನು ಅಳಿಸಬಾರದು. 'ಇದನ್ನು ನೋಡಿ' ಎಂಬ ಸೂಚನೆಯೊಡನೆ ಅದೇ ಶೀರ್ಷಿಕೆಗೆ ಜೋಡಿಸಬೇಕು. ಆಕರಪಟ್ಟಿ ಬರೆಯುವವನ ಕರ್ತವ್ಯ ಇದಕ್ಕಿಂತ ಸ್ವಲ್ಪ ಬೇರೆ. ಅವನು 1889ರ ಪ್ರಬಂಧವನ್ನು ಉಲ್ಲೇಖಿಸುವುದಾದರೆ ಅಲ್ಲಿ ಅಚ್ಚಾದ Kowalevski ಎಂಬ ರೂಪವನ್ನೇ ಪಟ್ಟಿಯಲ್ಲಿ ಇಡಬೇಕು, ಏಕೆಂದರೆ ಓದುಗ ಆ ಪುಟವನ್ನು ಹುಡುಕುವುದು ಆ ಅಕ್ಷರಗಳಿಂದಲೇ. ತನ್ನ ಬರಹದ ಒಳಗೆ ಮಾತ್ರ ಕೊವಲೆವ್ಸ್ಕಯಾ ಎಂದು ಬರೆದು, ಇಬ್ಬರೂ ಒಬ್ಬರೇ ಎಂದು ಒಮ್ಮೆ ತಿಳಿಸಿದರೆ ಸಾಕು. ಹುಡುಕುವವನು ಕೊನೆಯನ್ನು ಬಿಟ್ಟು Kovalevsk* ಎಂದೂ Kowalevsk* ಎಂದೂ ಎರಡು ಬಾರಿ ಹುಡುಕಬೇಕು; ಆಗ ನಾಲ್ವರೂ ಸಿಗುತ್ತಾರೆ, ವರ್ಷ ಮತ್ತು ವಿಷಯಗಳಿಂದ ಆಕೆಯನ್ನು ಬೇರ್ಪಡಿಸಿಕೊಳ್ಳಬಹುದು.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದು ವಿಭಕ್ತಿಯಿಂದ ಆಗುತ್ತದೆ. ಮಾಸ್ಕೋದಲ್ಲಿ ಕವಿ ಪುಷ್ಕಿನನ ಹೆಸರಿನ ಲಲಿತಕಲಾ ಸಂಗ್ರಹಾಲಯವಿದೆ. ಅದರ ರಷ್ಯನ್ ಹೆಸರಿನಲ್ಲಿ ಕಾಣುವ ರೂಪ 'ಪುಷ್ಕಿನಾ'. ಇದು ಕವಿಯ ಹೆಂಡತಿ ನತಾಲಿಯಾಳ ಸ್ಮರಣೆಯಲ್ಲ. 'ಪುಷ್ಕಿನನ' ಎಂಬ ಷಷ್ಠೀ ವಿಭಕ್ತಿ ಮಾತ್ರ. ಹೆಂಡತಿಯ ಹೆಸರಿನ ಪ್ರಥಮಾ ರೂಪವೂ ಗಂಡನ ಹೆಸರಿನ ಷಷ್ಠೀ ರೂಪವೂ ಅಕ್ಷರಶಃ ಒಂದೇ. 'ಬೇಂದ್ರೆಯವರ ಕವಿತೆ' ಎಂಬುದನ್ನು ಓದಿದ ಹೊರಗಿನವನು ಕವಿಯ ಹೆಸರೇ ಬೇಂದ್ರೆಯವರ ಎಂದು ಬರೆದುಕೊಂಡಂತೆಯೇ ಇದು. ಸಂಪಾದಿತ ಗ್ರಂಥಗಳ ಮುಖಪುಟದಲ್ಲಿ ಈ ಬಲೆ ಸದಾ ಹರಡಿರುತ್ತದೆ. 'ಇಂಥವರ ಸಂಪಾದಕತ್ವದಲ್ಲಿ' ಎಂಬ ಸಾಲಿನಲ್ಲಿ ರಷ್ಯನ್ ಸಂಪಾದಕನ ಹೆಸರು ಷಷ್ಠಿಯಲ್ಲಿಯೇ ಬರುವುದರಿಂದ ಪೆಟ್ರೋವ್ ಎಂಬ ಗಂಡಸು Petrova ಆಗಿ ದಾಖಲಾಗುತ್ತಾನೆ. ಸಂಪಾದಕಿ ನಿಜವಾಗಿ ಹೆಂಗಸಾಗಿದ್ದರೆ ಅಲ್ಲಿ 'ಪೆಟ್ರೋವೊಯ್' ಎಂದಿರುತ್ತಿತ್ತು. ಹಾಗೆಯೇ 'ಕೊವಲೆವ್ಸ್ಕೊಗೊ' ಎಂದಿದ್ದರೆ ಗಂಡಸು, 'ಕೊವಲೆವ್ಸ್ಕೊಯ್' ಎಂದಿದ್ದರೆ ಹೆಂಗಸು. ಎರಡೂ ದಾಖಲಿಸಬೇಕಾದ ರೂಪಗಳಲ್ಲ. ಪ್ರಥಮಾ ವಿಭಕ್ತಿಗೆ ತಂದೇ ಬರೆದುಕೊಳ್ಳಬೇಕು.

ಇಂಗ್ಲಿಷಿನಲ್ಲಿ ಸ್ತ್ರೀರೂಪವೇ ಬೇಡವೆಂದವರೂ ಉಂಟು. ಟಾಲ್‌ಸ್ಟಾಯ್ ಕಾದಂಬರಿಯ ನಾಯಕಿಯನ್ನು ಇಂಗ್ಲಿಷಿನಲ್ಲಿ ಅನ್ನಾ ಕರೆನಿನ್ ಎನ್ನಬೇಕೆಂದು ನಬೊಕೊವ್ ವಾದಿಸಿದ. ಅಮೆರಿಕದಲ್ಲಿ ಅವನ ಹೆಂಡತಿಯೂ ವೇರಾ ನಬೊಕೊವ್ ಆಗಿಯೇ ಬದುಕಿದಳು. ಕಾದಂಬರಿಯ ಪಾತ್ರದ ಬಗೆಗೆ ಅನುವಾದಕರು ಚರ್ಚಿಸಬಹುದು. ಬದುಕಿರುವ ವ್ಯಕ್ತಿಯ ವೀಸಾ ಅರ್ಜಿಯಲ್ಲಿ ಅಂಥ ಚರ್ಚೆಗೆ ಎಡೆಯಿಲ್ಲ. ಅಲ್ಲಿ ಪಾಸ್‌ಪೋರ್ಟೇ ವ್ಯಾಕರಣ.

ಪೆಟ್ರೋವ್ ದಂಪತಿಗಳು ಮಗಳೊಡನೆ ಭಾರತಕ್ಕೆ ಬರಲು ಅರ್ಜಿ ತುಂಬುತ್ತಿದ್ದಾರೆ ಎಂದುಕೊಳ್ಳೋಣ. ತಂದೆಯ ಅಡ್ಡಹೆಸರು PETROV, ತಾಯಿಯದೂ ಮಗಳದೂ PETROVA. ಕುಟುಂಬದ ಹೆಸರು ಒಂದೇ ಇರಬೇಕೆಂದು ಭಾವಿಸಿ ಮೂರನ್ನೂ ಸರಿಸಮ ಮಾಡಿದರೆ ಅರ್ಜಿಯೂ ಪಾಸ್‌ಪೋರ್ಟೂ ಹೊಂದದೆ ಹೋಗುತ್ತವೆ. ಮಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಮಿಗೆ ಬಂದಾಗ PETROV ಎಂದೇ ಬರೆಯಬೇಕು. ತನ್ನ ಹೆಸರಿನ A ಅಕ್ಷರವನ್ನು ತಂದೆಗೆ ಅಂಟಿಸಬಾರದು. ಲಿಪ್ಯಂತರದ ವಿಷಯವೂ ಹೀಗೆಯೇ. ಪುಸ್ತಕಗಳಲ್ಲಿ Kovalevskaya ಎಂದು ರೂಢಿಯಾದ ಹೆಸರನ್ನು ಇಂದಿನ ರಷ್ಯನ್ ಪಾಸ್‌ಪೋರ್ಟು KOVALEVSKAIA ಎಂದು ಮುದ್ರಿಸುತ್ತದೆ. ಪುಲ್ಲಿಂಗ ರೂಪ KOVALEVSKII. ವಿದುಷಿಯೊಬ್ಬಳ ಪ್ರಬಂಧಗಳು ಒಂದು ಕಾಗುಣಿತದಲ್ಲಿಯೂ ಪ್ರಯಾಣಪತ್ರ ಇನ್ನೊಂದರಲ್ಲಿಯೂ ಇರುವುದು ಹೀಗೆ ಸಹಜವಾಗುತ್ತದೆ. ವಿಚಾರಸಂಕಿರಣಕ್ಕೆ ಆಕೆಯನ್ನು ಕರೆಯುವ ಸಂಸ್ಥೆ ಆಹ್ವಾನಪತ್ರದಲ್ಲಿ ಪಾಸ್‌ಪೋರ್ಟಿನ ಕಾಗುಣಿತವನ್ನು ಇಟ್ಟು, ಕಾರ್ಯಕ್ರಮಪಟ್ಟಿಯಲ್ಲಿ ಆಕೆ ಪ್ರಬಂಧಗಳಿಗೆ ಹಾಕುವ ಹೆಸರನ್ನು ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಎರಡನ್ನೂ ಒಂದುಗೂಡಿಸಲು ಹೊರಟ ಸಹಾಯಕನೇ ಆಕೆಯನ್ನು ವೀಸಾ ಕಿಟಕಿಯಲ್ಲಿ ನಿಲ್ಲಿಸಿಬಿಡುತ್ತಾನೆ.