ಮೊದಲ ನೂರು ಪದ ಮತ್ತು ಬೂಷ್ಟು ಹಿಡಿದ ಪುಸ್ತಕ

ಮಾಹಿತಿ ಕೊಡುವ ಲೇಖನವನ್ನು ಕನ್ನಡದಲ್ಲಿ ಬರೆಯುವವರು ಅದರ ಮೊದಲ ನೂರು ಪದಗಳನ್ನು ಹೇಗೆ ಕಟ್ಟಬಹುದು ಎಂಬುದು ಈ ಬರಹದ ವಿಷಯ. ಕಳೆದ ಮಳೆಗಾಲದಲ್ಲಿ ನಮ್ಮ ಮುಂಬಯಿಯ ಓದುಕೂಟದಲ್ಲಿ ಕೇಳಿದ ಒಂದು ಕರಡನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅದರ ಆರಂಭದಲ್ಲಿ ಓದುಗನಿಗೆ ದಾರಿ ಏಕೆ ಕಾಣಲಿಲ್ಲ, ನಾವೆಲ್ಲ ಕೂಡಿ ಅದನ್ನು ಹೇಗೆ ತಿದ್ದಿದೆವು, ತಿದ್ದುವಾಗ ಕನ್ನಡದ ವಾಕ್ಯ ಎಲ್ಲಿ ತೊಡಕಾಯಿತು, ಎಲ್ಲಿ ನೆರವಾಯಿತು ಎಂಬುದನ್ನು ಹೇಳುತ್ತೇವೆ. ಕತೆ ಮತ್ತು ಲಲಿತ ಪ್ರಬಂಧಗಳ ಲೆಕ್ಕ ಬೇರೆ. ಅವುಗಳ ಬಗ್ಗೆ ನಡುವೆ ಒಂದು ಮಾತಷ್ಟೇ ಬರುತ್ತದೆ.

ಕರಡನ್ನು ತಂದವರು ಗ್ರಂಥಾಲಯದಲ್ಲಿ ಕೆಲಸ ಮಾಡುವ ನಮ್ಮ ಕಿರಿಯ ಗೆಳೆಯರು. ಮಳೆಗಾಲದಲ್ಲಿ ಪುಸ್ತಕಗಳಿಗೆ ಹಿಡಿಯುವ ಬೂಷ್ಟನ್ನು ಹೇಗೆ ನಿಭಾಯಿಸಬೇಕು ಎಂಬುದು ಅವರಿಗೆ ದಿನನಿತ್ಯದ ಕೆಲಸ; ಅದನ್ನೇ ಬರೆದಿದ್ದರು. ಆರಂಭ ಹೀಗಿತ್ತು: "ಜೂನ್ ಬಂತೆಂದರೆ ಮುಂಬಯಿಯ ಆಕಾಶಕ್ಕೆ ಬೇರೆಯದೇ ಬಣ್ಣ. ಕಡಲ ಮೇಲಿಂದ ಮೋಡಗಳ ದಿಬ್ಬಣ ಹೊರಡುತ್ತದೆ. ಲೋಕಲ್ ರೈಲಿನ ಕಿಟಕಿಯಲ್ಲಿ ಹನಿಗಳು ಜಾರುವಾಗ ಊರಿನ ಹೆಂಚಿನ ಮನೆ, ಅಜ್ಜಿ ಸುಟ್ಟುಕೊಡುತ್ತಿದ್ದ ಹಲಸಿನ ಹಪ್ಪಳ ನೆನಪಾಗುತ್ತವೆ. ಇಂಥ ಹೊತ್ತಿನಲ್ಲಿ ಪುಸ್ತಕಕ್ಕಿಂತ ಆಪ್ತ ಗೆಳೆಯ ಯಾರಿದ್ದಾರೆ?" ಇದೇ ಧಾಟಿಯಲ್ಲಿ ಎರಡು ಪ್ಯಾರಾ ಸಾಗಿ, ಬೂಷ್ಟು ಎಂಬ ಪದ ಮೂರನೆಯ ಪ್ಯಾರಾದ ನಡುವೆ ಮೊದಲ ಬಾರಿಗೆ ಕಾಣಿಸಿಕೊಂಡಿತ್ತು.

ನಮ್ಮ ಕೂಟದಲ್ಲಿ ಒಂದು ಪದ್ಧತಿ ಇದೆ. ಕರಡಿನ ನೂರನೆಯ ಪದದ ಬಳಿ ಪೆನ್ಸಿಲಿನಿಂದ ಗೀಟು ಎಳೆದಿರುತ್ತೇವೆ. ಅಲ್ಲಿಗೆ ಬಂದೊಡನೆ ಓದು ನಿಲ್ಲಿಸಿ ಕೇಳುಗರಲ್ಲಿ ಒಬ್ಬರನ್ನು ಪ್ರಶ್ನಿಸುತ್ತೇವೆ: ಇದು ಯಾವುದರ ಬಗ್ಗೆ? ಯಾವ ಸ್ಥಿತಿಯಲ್ಲಿರುವವರಿಗೆ? ಮುಂದೆ ಓದಿದರೆ ಏನು ಸಿಗುತ್ತದೆ? ಚೆನ್ನಾಗಿದೆಯೇ ಎಂದು ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ನಮ್ಮವರು ಸೌಜನ್ಯದಿಂದ ಹೌದೆನ್ನುತ್ತಾರೆ. ಅಂದು ನಾವು ಕೇಳಿದ್ದು ಕೂಟದ ಹಿರಿಯಕ್ಕ ಒಬ್ಬರನ್ನು. ಅವರು, "ಮಳೆಯ ಬಗ್ಗೆ ಅಲ್ಲವೇನಪ್ಪಾ? ಚೆನ್ನಾಗಿ ಬರೆದಿದ್ದೀಯ. ಊರಿನ ನೆನಪು ಬಂತು" ಎಂದರು. ಅವರ ತಂದೆ ಕೈಯಾರೆ ಬರೆದಿಟ್ಟ ಭಜನೆಯ ಪುಸ್ತಕ ಅದೇ ವಾರ ಕಪಾಟಿನಲ್ಲಿ ಹಸಿರುಗಟ್ಟಿತ್ತು ಎಂಬುದು ಗೊತ್ತಾದದ್ದು ಚಹಾ ಕುಡಿಯುವಾಗ. ಆ ಲೇಖನ ಯಾರಿಗಾಗಿ ಹುಟ್ಟಿತ್ತೋ ಅವರೇ ಎದುರಿಗೆ ಕುಳಿತು ನೂರು ಪದ ಕೇಳಿದ್ದರು. ಮನೆಯಲ್ಲಿ ಒಬ್ಬರೇ ಓದುತ್ತಿದ್ದರೆ ಅಲ್ಲಿಗೇ ಮಡಚಿ ಇಟ್ಟು, ಆ ಹೊತ್ತಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಲು ಎದ್ದಿರುತ್ತಿದ್ದರು. ಅದು ಹಳೆಯ ಫೌಂಟನ್ ಪೆನ್ನಿನ ನೀಲಿ ಶಾಯಿಯ ಬರಹ. ನೀರು ತಗುಲಿದರೆ ಹಾಡುಗಳು ಉಳಿಯುವುದಿಲ್ಲ.

ಮಳೆಯ ವರ್ಣನೆ ಕೆಟ್ಟದಾಗಿತ್ತು ಎಂದು ಯಾರೂ ಹೇಳಲಿಲ್ಲ. ತೊಡಕಿದ್ದದ್ದು ಅದು ಕೊಟ್ಟ ಸುಳುಹಿನಲ್ಲಿ. ಅಜ್ಜಿಯ ಹಪ್ಪಳ ಬಂದೊಡನೆ ಓದುಗ ಇದನ್ನು ಸ್ಮೃತಿಚಿತ್ರ ಎಂದುಕೊಂಡು ಆ ಬಗೆಯ ಓದಿಗೆ ಸಿದ್ಧನಾಗುತ್ತಾನೆ. ಲಲಿತ ಪ್ರಬಂಧವಾಗಿದ್ದರೆ ಈ ಆರಂಭ ತನ್ನ ಕೆಲಸವನ್ನು ಪೂರ್ತಿ ಮಾಡಿದಂತೆಯೇ: ಅಲ್ಲಿ ವಿಷಯವನ್ನು ಸಾರಬೇಕಿಲ್ಲ, ಧಾಟಿಯೇ ಭರವಸೆ. ಮಾಹಿತಿಯ ಲೇಖನದಲ್ಲಿ ಮಾತ್ರ ಓದುಗ ತನ್ನದೊಂದು ತೊಂದರೆಯನ್ನು ಕೈಯಲ್ಲಿ ಹಿಡಿದೇ ಬಂದಿರುತ್ತಾನೆ. ಆ ತೊಂದರೆಯ ಹೆಸರು ಕಣ್ಣಿಗೆ ಬೀಳುವವರೆಗೆ ಉಳಿದುದೆಲ್ಲ ಅವನಿಗೆ ಕಾಯುವ ಹೊತ್ತು.

ಇನ್ನು ಆ ಹೆಸರು ಯಾವುದು? ನಮ್ಮಂಥ ಹೊರನಾಡಿನ ಓದುಗರ ವಿಷಯದಲ್ಲಿ ಇದು ತೋರುವಷ್ಟು ಸುಲಭವಲ್ಲ. ಕೂಟದಲ್ಲಿ ಕೇಳಿ ನೋಡಿದಾಗ ಒಬ್ಬರು ಬೂಷ್ಟು ಎಂದರು, ಇನ್ನೊಬ್ಬರು ಬೂಸಲು ಎಂದರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಮರಾಠಿಯ ಬುರಶಿ ಹೆಚ್ಚು ಪರಿಚಿತ, ಉಳಿದವರಿಗೆ ಫಂಗಸ್. ಕರಡಿನಲ್ಲಿ ಶಿಲೀಂಧ್ರ ಎಂಬ ಪಠ್ಯಪುಸ್ತಕದ ಪದವೂ ಇತ್ತು. ಅದು ಶಾಸ್ತ್ರೀಯವಾಗಿ ಸರಿ, ಆದರೆ ಕಪಾಟು ತೆರೆದು ಗಾಬರಿಯಾದ ಯಾರ ಬಾಯಲ್ಲೂ ಬರುವಂಥದಲ್ಲ. ಐದನ್ನೂ ಪೋಣಿಸಿದರೆ ಅದು ನಿಘಂಟಾಗುತ್ತದೆ. ಕನ್ನಡದ್ದೊಂದು, ಎಲ್ಲರಿಗೂ ತಿಳಿದ ಇಂಗ್ಲಿಷ್ ಮೂಲದ್ದೊಂದು, ಎರಡನ್ನೂ ಮೊದಲ ವಾಕ್ಯದಲ್ಲೇ ಇಟ್ಟೆವು. ಹೆಸರು ಗೊತ್ತಿಲ್ಲದವರಿಗಾಗಿ ಎರಡನೆಯ ವಾಕ್ಯದಲ್ಲಿ ಕಣ್ಣಿಗೆ, ಮೂಗಿಗೆ ತಿಳಿಯುವ ಲಕ್ಷಣಗಳನ್ನು ಸೇರಿಸಿದೆವು. ಲಕ್ಷಣ ನೋಡಿ "ಹೌದು, ನಮ್ಮ ಮನೆಯದೂ ಹೀಗೇ" ಎನ್ನುವವರು ಹೆಸರು ನೋಡಿ ಗುರುತಿಸುವವರಷ್ಟೇ ಇರುತ್ತಾರೆ ಎಂದು ನಮ್ಮ ಅನಿಸಿಕೆ.

ವಾಕ್ಯದ ಕಟ್ಟಡದಲ್ಲಿ ಕನ್ನಡಕ್ಕೆ ತನ್ನದೇ ಒಂದು ಅಪಾಯ ಇದೆ. ನಮ್ಮಲ್ಲಿ ವಿಶೇಷಣವೆಲ್ಲ ನಾಮಪದಕ್ಕೆ ಮೊದಲೇ ಬರುತ್ತದೆ, ಕ್ರಿಯಾಪದ ಕೊನೆಗೆ ಕೂರುತ್ತದೆ. ಗೆಳೆಯರು ಮೊದಲ ಸಲ ತಿದ್ದಿ ತಂದ ವಾಕ್ಯ ಹೀಗಿತ್ತು: "ಗಾಳಿಯಾಡದ ಕಪಾಟುಗಳಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ, ಹಿರಿಯರಿಂದ ಬಂದ, ನಮಗೆ ಭಾವನಾತ್ಮಕವಾಗಿ ಬೆಲೆಬಾಳುವ ಪುಸ್ತಕಗಳಿಗೆ ತೇವಾಂಶದಿಂದ ಹಿಡಿಯುವ ಬೂಷ್ಟಿನ ಬಗ್ಗೆ ತಿಳಿಯೋಣ." ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಹನ್ನೆರಡು ಪದಗಳನ್ನು ನೆನಪಿನಲ್ಲಿ ಹೊತ್ತು ನಡೆದ ಮೇಲೆ ಬೂಷ್ಟು ಸಿಗುತ್ತದೆ. ಅದೇ ಭಾಷೆ ಒಂದು ಅನುಕೂಲವನ್ನೂ ಕೊಟ್ಟಿದೆ: ವಿಭಕ್ತಿ ಪ್ರತ್ಯಯ ಅಂಟಿಕೊಂಡಿರುವುದರಿಂದ ಪದವನ್ನು ಎಲ್ಲಿಗೆ ಸರಿಸಿದರೂ ಅದರ ಸಂಬಂಧ ಕೆಡುವುದಿಲ್ಲ. "ಪುಸ್ತಕಕ್ಕೆ ಬೂಷ್ಟು ಹಿಡಿದಾಗ" ಎಂದು ಬೇಕಾದ ಎರಡು ಪದಗಳನ್ನು ಮುಂದಕ್ಕೆ ತಂದು, ವಿಶೇಷಣಗಳನ್ನು ಬಿಡಿಸಿ ಮುಂದಿನ ವಾಕ್ಯಕ್ಕೆ ಕೊಟ್ಟರೆ ಆಯಿತು.

ನೂರು ಪದ ಎಂಬ ಅಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಐದಾರು ಪದ ಬೇಡುವ ಅರ್ಥವನ್ನು ನಾವು "ಹೋಗಬೇಕಾಗಿದ್ದವರಿಗೆ" ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ. ಹೀಗಾಗಿ ಇಂಗ್ಲಿಷ್ ಬರಹಗಾರರಿಗೆ ಹೇಳಿದ ನೂರು ಪದದ ಮಾತನ್ನು ಹಾಗೇ ತಂದುಕೊಂಡರೆ ನಮಗೆ ಜಾಗ ಧಾರಾಳವಾಗಿಯೇ ಸಿಗುತ್ತದೆ. ಜಾಗ ಸಾಲದು ಎಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ.

ಕೂಟದ ಮೇಜಿನ ಮೇಲೆ ಕೊನೆಗೆ ನಿಂತ ಆರಂಭ ಇದು:

"ಪುಸ್ತಕಕ್ಕೆ ಬೂಷ್ಟು, ಅಂದರೆ ಫಂಗಸ್, ಹಿಡಿದಾಗ ಮನೆಯಲ್ಲೇ ಏನು ಮಾಡಬಹುದು, ಏನನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕಪಾಟಿನಲ್ಲಿಟ್ಟ ಹಳೆಯ ಪುಸ್ತಕ, ಕೈಬರಹದ ನೋಟ್‌ಬುಕ್, ಕಾಗದಪತ್ರಗಳ ಮೇಲೆ ಬಿಳಿ ಅಥವಾ ಹಸಿರು ಪುಡಿಯಂಥ ಮಚ್ಚೆಗಳು ಕಂಡು ಮಣ್ಣಿನ ವಾಸನೆ ಬರುತ್ತಿದ್ದರೆ ಇದು ನಿಮಗಾಗಿ. ಗೆದ್ದಲು ತಿಂದ, ಅಥವಾ ನೀರಿನಲ್ಲಿ ಪೂರ್ತಿ ನೆನೆದ ಪುಸ್ತಕಕ್ಕೆ ಬೇರೆ ಉಪಚಾರ ಬೇಕು. ಬೂಷ್ಟು ಇನ್ನೂ ಬೆಳೆಯುತ್ತಿದೆಯೇ ಒಣಗಿದೆಯೇ ಎಂದು ತಿಳಿಯುವ ಬಗೆ ಮೊದಲು. ಅದನ್ನು ಉದುರಿಸುವ ಕ್ರಮ ನಂತರ. ಮತ್ತೆ ಬಾರದಂತೆ ಕಪಾಟಿನ ತೇವ ತಗ್ಗಿಸುವುದು ಕೊನೆಗೆ."

ಇಲ್ಲಿರುವುದು 59 ಪದ. ಮೂರನೆಯ ವಾಕ್ಯದ ಬಗ್ಗೆ ನಮ್ಮಲ್ಲಿ ವಾದ ನಡೆಯಿತು. ಬಂದ ಓದುಗನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುವುದೇ ಎಂದು ಒಬ್ಬರು ನೊಂದುಕೊಂಡರು. ಗೆದ್ದಲಿನ ಕಾಟದವನನ್ನು ಕೊನೆಯವರೆಗೆ ಕರೆದೊಯ್ದು ಬರಿಗೈಯಲ್ಲಿ ಬಿಡುವುದು ಇನ್ನೂ ಕೆಟ್ಟದ್ದು ಎಂದು ಉಳಿದವರ ನಿಲುವು. ಆ ವಾಕ್ಯ ಇದ್ದರೆ ಸರಿಯಾದ ಓದುಗನಿಗೂ ಧೈರ್ಯ: ಲೇಖಕರಿಗೆ ಎರಡರ ವ್ಯತ್ಯಾಸ ಗೊತ್ತಿದೆ ಎಂದು ಅವನಿಗೆ ತಿಳಿಯುತ್ತದೆ.

ಜೂನ್ ತಿಂಗಳೂ ಮುಂಬಯಿಯೂ ಕಾಣೆಯಾದದ್ದನ್ನು ಗಮನಿಸಿರಬಹುದು. ಅದು ಚೆನ್ನೈಯಲ್ಲಿ ಬಹಳ ವರ್ಷ ಇದ್ದು ಬಂದ ಸದಸ್ಯರೊಬ್ಬರ ಸೂಚನೆ. ಅಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಜೂನ್ ಎಂದೊಡನೆ ಅಲ್ಲಿಯ ಕನ್ನಡಿಗ ಇದು ತನ್ನ ಊರಿನ ಮಾತಲ್ಲ ಎಂದುಕೊಳ್ಳುತ್ತಾನೆ, ಅವನ ಪುಸ್ತಕದ ಮೇಲಿನ ಬೂಷ್ಟು ಮಾತ್ರ ಇದೇ ಆಗಿದ್ದರೂ. ಊರು ಮತ್ತು ಕಾಲ ಕಾರಣವಾಗಿರುವ ಕಡೆ ಅವು ಆರಂಭದಲ್ಲೇ ಬರಬೇಕು. ಇಲ್ಲಿ ಕಾರಣ ಗಾಳಿಯಲ್ಲಿನ ತೇವ. ಸಾಪೇಕ್ಷ ಆರ್ದ್ರತೆ ಶೇಕಡಾ 65ನ್ನು ದಾಟಿ ಹಾಗೇ ನಿಂತರೆ ಯಾವ ಊರಿನಲ್ಲಾದರೂ ಬೂಷ್ಟು ಹುಟ್ಟಬಹುದು. ಆ ಅಂಕಿಯನ್ನು ಆರಂಭಕ್ಕೆ ತರಲು ಗೆಳೆಯರಿಗೆ ಆಸೆಯಿತ್ತು. ಅದು ಕಪಾಟಿನ ಭಾಗಕ್ಕೆ ಹೋಯಿತು. ಮಚ್ಚೆ ಕಂಡು ಬಂದವನಿಗೆ ಮೊದಲ ಗಳಿಗೆಯಲ್ಲಿ ಅಂಕಿಯಿಂದ ಉಪಯೋಗವಿಲ್ಲ.

ಹೀಗೆ ಕಟ್ಟಿದ ಆರಂಭ ಒಡಲನ್ನೂ ಪರೀಕ್ಷಿಸುತ್ತದೆ. ಕರಡಿನಲ್ಲಿ ಮೃದುವಾದ ಬ್ರಷ್ಷಿನಿಂದ ಬೂಷ್ಟು ಉದುರಿಸುವ ಕ್ರಮ ಮೊದಲು ಬಂದು, ಅದು ಒಣಗಿದೆಯೇ ಎಂದು ನೋಡುವ ಬಗೆ ಎರಡು ಪುಟಗಳ ನಂತರ ಬಂದಿತ್ತು. ಆರಂಭದ ಮಾತಿಗೆ ಸರಿಯಾಗಿ ಅದು ತಿರುಗಬೇಕಾಯಿತು. ಇದು ಬರಿಯ ಅಂದದ ಪ್ರಶ್ನೆಯಲ್ಲ: ಹಸಿ ಬೂಷ್ಟಿಗೆ ಬ್ರಷ್ ತಾಗಿಸಿದರೆ ಅದು ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಮಾತ್ರ ಪುಡಿಯಾಗಿ ಉದುರುತ್ತದೆ. ಅಂಚಿನ ಒಂದು ಮಚ್ಚೆಯ ಮೇಲೆ ನೋಡಿ, ಮೆತ್ತಿದರೆ ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಆಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಉದುರಿಸಬೇಕು. ಲೇಖನ ಮುಗಿದ ಮೇಲೆ ಆರಂಭವನ್ನು ಮತ್ತೊಮ್ಮೆ ಒಡಲಿನ ಪಕ್ಕದಲ್ಲಿಟ್ಟು ನೋಡುವುದು ಅದಕ್ಕಾಗಿಯೇ. ಅಲ್ಲಿ ಹೇಳಿದ್ದು ಒಳಗೆ ಇಲ್ಲದಿದ್ದರೆ ಒಂದನ್ನು ಸೇರಿಸಬೇಕು, ಇಲ್ಲವೇ ಮಾತನ್ನು ಕಡಿಮೆ ಮಾಡಬೇಕು. ಗೆಳೆಯರ ನಡುವಿನ ಒಂದು ಕರಡಿನಲ್ಲಿದ್ದ "ಶಾಶ್ವತ ಪರಿಹಾರ" ಎಂಬ ಪದ ಹೀಗೆಯೇ ಬಿದ್ದುಹೋಯಿತು. ಕಪಾಟು ಮತ್ತೆ ತೇವಗೊಂಡರೆ ಬೂಷ್ಟೂ ಮತ್ತೆ ಬರುತ್ತದೆ.

ಮಳೆಯ ಎರಡು ಪ್ಯಾರಾಗಳನ್ನು ಹೊಡೆದುಹಾಕುವಾಗ ಗೆಳೆಯರ ಮುಖ ಸಣ್ಣದಾಯಿತು. ಬರೆಯುವವರಿಗೆ ಅವು ಬೇಕೇ ಬೇಕು. ಅವುಗಳ ಮೇಲೆ ನಡೆದೇ ಅವರು ವಿಷಯಕ್ಕೆ ಬಂದಿರುತ್ತಾರೆ. ನಿಜವಾದ ಮೊದಲ ವಾಕ್ಯ ಕರಡಿನ ಮೂರನೆಯ ಪ್ಯಾರಾದಲ್ಲಿ ಸಿದ್ಧವಾಗಿಯೇ ಇತ್ತು, ಎತ್ತಿ ತಂದದ್ದಷ್ಟೇ ನಮ್ಮ ಕೆಲಸ. ಅಜ್ಜಿಯ ಹಪ್ಪಳ ಬೇರೆ ಕಾಗದಕ್ಕೆ ಹೋಗಿದೆ. ಅದರಿಂದ ಲಲಿತ ಪ್ರಬಂಧವೊಂದು ಬರಲಿದೆ ಎಂದು ಕೇಳಿದ್ದೇವೆ.

ತಿದ್ದಿದ ಆರಂಭವನ್ನು ಹಿರಿಯಕ್ಕನಿಗೆ ಓದಿ ಕೇಳಿಸಿದಾಗ ಅವರು ಮೂರು ಪ್ರಶ್ನೆಗಳಿಗೂ ತಡೆಯದೆ ಉತ್ತರ ಕೊಟ್ಟರು. ಆಮೇಲೆ, "ಅದೆಲ್ಲ ಸರಿ, ಆದರೆ ನಾನು ಪೂರ್ತಿ ಓದಿ ಮುಗಿಸುವ ಮುಂಚೆಯೇ ಒರೆಸಿಬಿಟ್ಟರೆ?" ಎಂದು ಕೇಳಿದರು. ಗೆಳೆಯರು ಅಲ್ಲೇ ಪೆನ್ನು ತೆಗೆದು ಆರಂಭದ ಕೊನೆಗೆ ಇನ್ನು ಆರು ಪದ ಸೇರಿಸಿದರು: "ಅಷ್ಟರೊಳಗೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಶಾಯಿ ಹರಡುತ್ತದೆ."